ಓರಗಿತ್ತಿ ನನಗಿಂತ ಚಿಕ್ಕವಳು: ಹೆಸರು ಹಿಡಿದು ಕರೆದರೆ ತಪ್ಪೇನು?

ಪ್ರಶ್ನೆ: ನಾನು ಬೆಂಗಳೂರಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಎಂಟು ತಿಂಗಳು, ಗಂಡನ ಮನೆ ತೀರ್ಥಹಳ್ಳಿ ಹತ್ತಿರ. ಇವರ ಅಣ್ಣನ ಹೆಂಡತಿ ನನಗಿಂತ ಮೂರು ವರ್ಷ ಚಿಕ್ಕವಳು. ನಾವಿಬ್ಬರೂ ಚೆನ್ನಾಗಿಯೇ ಇದ್ದೇವೆ. ಭೂಮಿಹುಣ್ಣಿಮೆ ದಿನ ಮನೆ ತುಂಬ ನೆಂಟರಿದ್ದಾಗ ಅವಳನ್ನು ಹೆಸರು ಹಿಡಿದು ಕರೆದೆ. ಅತ್ತೆ ಮುಖ ಗಂಟುಹಾಕಿಕೊಂಡರು. ಅದೇ ದಿನ ಇವರ ಸೋದರಮಾವನಿಗೆ "ಅಂಕಲ್, ಕಾಫಿ ತಗೊಳ್ಳಿ" ಅಂದೆ, ಅವರೂ ಸರಿಯಾಗಿ ಮಾತಾಡಲಿಲ್ಲ. ವಯಸ್ಸಲ್ಲಿ ಚಿಕ್ಕವಳನ್ನು ಹೆಸರು ಹಿಡಿದು ಕರೆಯುವುದು ತಪ್ಪಾ? ಅಂಕಲ್ ಅನ್ನೋದು ಮರ್ಯಾದೆಯ ಮಾತೇ ತಾನೆ? ಯಾರನ್ನು ಏನಂತ ಕರೆಯಬೇಕು ಅಂತ ನೆನಪಿಟ್ಟುಕೊಳ್ಳೋದು ಹೇಗೆ?

ಉತ್ತರ: ಮೊದಲು ಅಂಕಲ್ ವಿಚಾರ ನೋಡೋಣ, ಯಾಕೆಂದರೆ ಉಳಿದದ್ದರ ಬೀಗದ ಕೈ ಅಲ್ಲೇ ಇದೆ.

ಅಂಕಲ್ ಮರ್ಯಾದೆಯ ಮಾತೇ, ಸಂಶಯವಿಲ್ಲ. ಆದರೆ ಅದು ದಾರಿಹೋಕರಿಗೆ ಸಲ್ಲುವ ಮರ್ಯಾದೆ. ಬಸ್ಸಿನಲ್ಲಿ ಪಕ್ಕ ಕೂತವರೂ ಅಂಕಲ್, ಬ್ಯಾಂಕಿನ ಕ್ಯಾಷಿಯರೂ ಅಂಕಲ್. ನಿಮ್ಮ ಗಂಡನ ಸೋದರಮಾವ ಅಂದರೆ ತಾಯಿಯ ತವರಿನ ಕಡೆಯಿಂದ ಬಂದು ಹಬ್ಬದ ಎಲೆಗೆ ಕೂರುವ ಮನುಷ್ಯ. ಮದುವೆಯಲ್ಲಿ ಅವರಿಗೆ ಬೇರೆ ಉಡುಗೊರೆ, ಬೇರೆ ಶಾಸ್ತ್ರ ಇರುತ್ತದೆ. ಅವರನ್ನು ಅಂಕಲ್ ಅಂದಾಗ ಅವರಿಗೆ ಕೇಳಿಸಿದ್ದು "ನೀವು ಯಾರೋ ನನಗೆ ಗೊತ್ತಿಲ್ಲ" ಅಂತ. ಅದಕ್ಕಿಂತ ಹೆಚ್ಚಿನ ತೊಡಕೂ ಒಂದಿದೆ. ಇಂಗ್ಲಿಷಿನಲ್ಲಿ ಅಪ್ಪನ ತಮ್ಮನಿಗೂ ಅಮ್ಮನ ತಮ್ಮನಿಗೂ ಇರುವುದು ಒಂದೇ ಮಾತು. ಕನ್ನಡದಲ್ಲಿ ಒಬ್ಬರು ಚಿಕ್ಕಪ್ಪ, ಇನ್ನೊಬ್ಬರು ಮಾವ. ಇವರಿಬ್ಬರನ್ನು ಒಂದೇ ಬುಟ್ಟಿಗೆ ಹಾಕುವ ಪದವೇ ನಮ್ಮ ಭಾಷೆಯಲ್ಲಿ ಇಲ್ಲ.

ಯಾಕೆ ಇಲ್ಲ ಅಂತ ನೋಡಿದರೆ ನಿಮ್ಮ ಮೂರನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಕನ್ನಡದ ನೆಂಟಸ್ತಿಕೆಯ ಪದಗಳು ಇಡೀ ಬಂಧುಬಳಗವನ್ನು ಎರಡು ಗುಂಪು ಮಾಡುತ್ತವೆ. ಒಂದು ಅಪ್ಪ-ಅಮ್ಮನ ಗುಂಪು: ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ, ಅವರ ಮಕ್ಕಳೆಲ್ಲ ನಮಗೆ ಅಣ್ಣ, ಅಕ್ಕ, ತಮ್ಮ, ತಂಗಿ. ಇನ್ನೊಂದು ಅತ್ತೆ-ಮಾವನ ಗುಂಪು: ಅಪ್ಪನ ಅಕ್ಕತಂಗಿಯರು ಅತ್ತೆ, ಅಮ್ಮನ ಅಣ್ಣತಮ್ಮಂದಿರು ಮಾವ, ಅವರ ಮಕ್ಕಳು ಭಾವ, ಅತ್ತಿಗೆ, ಮೈದುನ, ನಾದಿನಿ. ಇದು ತಾಯಿಯ ಕಡೆ, ತಂದೆಯ ಕಡೆ ಅನ್ನುವ ಭಾಗವಲ್ಲ ಅನ್ನುವುದನ್ನು ಗಮನಿಸಿ. ಅಮ್ಮನ ತಂಗಿ ಅಮ್ಮನ ಗುಂಪಿಗೆ, ಅಮ್ಮನ ತಮ್ಮ ಮಾವನ ಗುಂಪಿಗೆ. ಒಂದೇ ತವರಿನ ಇಬ್ಬರು ಬೇರೆ ಬೇರೆ ಗುಂಪಿನಲ್ಲಿ ಕೂರುತ್ತಾರೆ. ಮೊದಲ ಗುಂಪಿನ ಮಕ್ಕಳು ಒಡಹುಟ್ಟಿದವರು, ಅವರೊಳಗೆ ಮದುವೆ ಇಲ್ಲ. ಎರಡನೆಯ ಗುಂಪು ಮದುವೆಗೆ ಸಲ್ಲುವ ಗುಂಪು. ಗಂಡನ ತಾಯಿಗೂ ಅತ್ತೆ, ಅಪ್ಪನ ತಂಗಿಗೂ ಅತ್ತೆ ಅನ್ನುವ ಒಂದೇ ಪದ ಬಂದದ್ದು ಹೀಗೆ. ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ಡ್ಯುಮೋ 1953ರಲ್ಲಿ ದಕ್ಷಿಣ ಭಾರತದ ಈ ಪದಗಳ ಬಗ್ಗೆ ಬರೆದದ್ದರ ತಿರುಳೂ ಇದೇ: ಸೋದರಮಾವ ಬರೀ ತಾಯಿಯ ತಮ್ಮನಲ್ಲ, ಅಪ್ಪನಿಗೆ ಭಾವಮೈದುನ; ಆ ಮದುವೆಯ ಸಂಬಂಧವೇ ಮುಂದಿನ ತಲೆಮಾರಿಗೆ ಹರಿದು ಬರುತ್ತದೆ. ನಿಮ್ಮ ಮನೆತನದಲ್ಲಿ ಸೋದರಿಕೆಯ ಮದುವೆ ನಡೆಯದೆ ಎಷ್ಟೋ ತಲೆಮಾರಾಗಿರಬಹುದು. ಪದಗಳು ಮಾತ್ರ ಇನ್ನೂ ಆ ಲೆಕ್ಕದ ಮೇಲೇ ನಿಂತಿವೆ.

ಈಗ ಸೊಸೆಯಾಗಿ ಬಂದವಳ ಲೆಕ್ಕಕ್ಕೆ ಬರೋಣ. ಮೂವತ್ತು ನೆಂಟರ ಪಟ್ಟಿ ಬಾಯಿಪಾಠ ಮಾಡುವ ಅಗತ್ಯವಿಲ್ಲ. ನಿಮ್ಮ ಗಂಡ ಅವರನ್ನು ಏನಂತ ಕರೆಯುತ್ತಾರೆ ಅಂತ ಕೇಳಿ, ಆಮೇಲೆ ಅದನ್ನು ಮಗುಚಿ ಹಾಕಿ, ಕಾವಲಿಯ ಮೇಲಿನ ದೋಸೆಯ ಹಾಗೆ. ಅವರು ಅಪ್ಪ-ಅಮ್ಮನ ಗುಂಪಿನ ಪದ ಹೇಳಿದರೆ ನೀವು ಅತ್ತೆ-ಮಾವನ ಗುಂಪಿನ ಪದ ಹೇಳಬೇಕು. ಅವರು ಅತ್ತೆ-ಮಾವನ ಗುಂಪಿನ ಪದ ಹೇಳಿದರೆ ನೀವು ಅಪ್ಪ-ಅಮ್ಮನ ಗುಂಪಿಗೆ ಬರಬೇಕು. ಅವರಿಗೆ ಅಪ್ಪ, ನಿಮಗೆ ಮಾವ. ಇದು ಯಾರಿಗೂ ಹೇಳಿಕೊಡಬೇಕಿಲ್ಲ. ಅವರಿಗೆ ಚಿಕ್ಕಪ್ಪ, ನಿಮಗೆ ಚಿಕ್ಕಮಾವ. ಅವರಿಗೆ ದೊಡ್ಡಮ್ಮ, ನಿಮಗೆ ದೊಡ್ಡತ್ತೆ. ಅವರಿಗೆ ಅಣ್ಣ, ನಿಮಗೆ ಭಾವ. ಅವರಿಗೆ ಅಕ್ಕ, ನಿಮಗೆ ಅತ್ತಿಗೆ. ಇಲ್ಲಿಯವರೆಗೆ ಎಲ್ಲ ಸೊಸೆಯರೂ ಸರಿಯಾಗಿಯೇ ಹೋಗುತ್ತಾರೆ.

ಎಡವುವುದು ಮುಂದಿನ ಹೆಜ್ಜೆಯಲ್ಲಿ. ಗಂಡ ತನ್ನ ಅಕ್ಕನ ಗಂಡನನ್ನು ಭಾವ ಅನ್ನುತ್ತಾನೆ. ನೀವೂ ಭಾವ ಅನ್ನಲು ಹೊರಡುತ್ತೀರಿ. ಆದರೆ ಮಗುಚಿದರೆ ಅವರು ನಿಮಗೆ ಅಣ್ಣ. ಗಂಡ ತನ್ನ ಅಣ್ಣನ ಹೆಂಡತಿಯನ್ನು ಅತ್ತಿಗೆ ಅನ್ನುತ್ತಾನೆ. ಮಗುಚಿದರೆ ಅವರು ನಿಮಗೆ ಅಕ್ಕ. ಓರಗಿತ್ತಿಯರು ಒಬ್ಬರಿಗೊಬ್ಬರು ಅಕ್ಕ-ತಂಗಿ ಅನ್ನುವುದು ಹಾರೈಕೆಯ ಮಾತಲ್ಲ, ಲೆಕ್ಕ ಹಾಕಿದರೆ ಬರುವ ಉತ್ತರ. ಸೋದರಮಾವನ ಗತಿಯೂ ಹೀಗೆಯೇ. ನಿಮ್ಮ ಗಂಡನಿಗೆ ಮಾವನಾದವರು ನಿಮಗೆ ಚಿಕ್ಕಪ್ಪ, ನಿಮ್ಮ ಅತ್ತೆಗಿಂತ ದೊಡ್ಡವರಾದರೆ ದೊಡ್ಡಪ್ಪ. ವಿಚಿತ್ರ ಅನಿಸುತ್ತದೆಯೇ? ಹೀಗೆ ನೋಡಿ. ನಿಮ್ಮ ಅತ್ತೆ ಈಗ ನಿಮಗೆ ಅತ್ತೆ, ಅಂದರೆ ನಿಮ್ಮ ಅಪ್ಪನ ಅಕ್ಕನೋ ತಂಗಿಯೋ ಇದ್ದ ಹಾಗೆ. ಅತ್ತೆಯ ತಮ್ಮ ಅಂದರೆ ಇನ್ಯಾರು, ಅಪ್ಪನ ಸಾಲಿನವರೇ. ಅವರ ಮಕ್ಕಳು ನಿಮ್ಮ ಗಂಡನಿಗೆ ಭಾವ-ಮೈದುನ, ನಾದಿನಿಯರಾದರೆ ನಿಮಗೆ ಅಣ್ಣತಮ್ಮ, ಅಕ್ಕತಂಗಿಯರು. ಹೊಸ ಮನೆಯಲ್ಲಿ ನಿಮಗೆ ತವರಿನ ಸಲಿಗೆಯ ಒಂದು ಕಡೆ ಸಿಕ್ಕಿತು ಅನ್ನಿ.

ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಸೋದರಮಾವ, ಸೋದರತ್ತೆಯರ ವಿಷಯದಲ್ಲಿ ಎಲ್ಲ ಮನೆಗಳೂ ಹೀಗೆ ಮಗುಚುವುದಿಲ್ಲ. "ಗಂಡ ಕರೆದ ಹಾಗೆ ಕರಿ" ಅನ್ನುವ ಮನೆಗಳೂ ಬೇಕಾದಷ್ಟಿವೆ. ಅಲ್ಲಿ ಗಂಡನ ಸೋದರಮಾವ ಸೊಸೆಗೂ ಮಾವನೇ. ಆದ್ದರಿಂದ ನಿಮ್ಮ ವಿಚಾರದಲ್ಲಿ ಚಿಕ್ಕಪ್ಪ ಸರಿಯೋ ಮಾವ ಸರಿಯೋ ಅಂತ ನಾನು ಶಿವಮೊಗ್ಗದಲ್ಲಿ ಕೂತು ತೀರ್ಪು ಕೊಡುವುದಕ್ಕಾಗದು, ನಿಮ್ಮ ಅತ್ತೆಯನ್ನೇ ಕೇಳಬೇಕು. ಕೇಳುವ ಮಾತೂ ನಮ್ಮಲ್ಲಿ ಸಿದ್ಧವಾಗಿದೆ: "ಇವರು ನನಗೆ ಏನಾಗಬೇಕು?" ಗಮನಿಸಿ, "ಇವರು ನನಗೆ ಏನು" ಅಂತ ಯಾರೂ ಕೇಳುವುದಿಲ್ಲ. ಆಗಬೇಕು ಅನ್ನುತ್ತೇವೆ, ಸಂಬಂಧ ಅನ್ನುವುದು ಸಲ್ಲಬೇಕಾದ ಒಂದು ಬಾಕಿಯ ಹಾಗೆ. ಮಗುಚುವ ಸೂತ್ರ ಅಜ್ಜ-ಅಜ್ಜಿಯರ ಹತ್ತಿರ ನಿಲ್ಲುತ್ತದೆ. ಅವರು ಯಾವ ಕಡೆಯವರಾದರೂ ಅಜ್ಜ, ಅಜ್ಜಿಯೇ. ಕೆಳಗಿನ ತಲೆಮಾರಿಗೂ ಅದು ಬೇಕಿಲ್ಲ, ಅವರನ್ನು ಹೇಗೂ ಹೆಸರಿನಿಂದಲೇ ಕರೆಯುತ್ತೀರಿ. ನಿಮ್ಮ ಗಂಡ ನಿಮ್ಮ ತವರಿಗೆ ಬಂದಾಗ ಇದೇ ಸೂತ್ರ ತಿರುಗಿ ನಡೆಯುತ್ತದೆ. ನಿಮ್ಮ ಅಣ್ಣ ಅವರಿಗೆ ಭಾವ, ನಿಮ್ಮ ಅತ್ತಿಗೆ ಅವರಿಗೆ ಅಕ್ಕ. ಅಳಿಯಂದಿರಿಗೆ ಇದನ್ನು ಯಾರೂ ಅಷ್ಟು ಬಿಗಿಯಾಗಿ ಹೇಳಿಕೊಡುವುದಿಲ್ಲ. ಅದು ಸರಿಯೇ ಅಂತ ಕೇಳಿದರೆ ಸರಿಯಲ್ಲ ಅಂತಲೇ ನನ್ನ ಉತ್ತರ.

ಇನ್ನು ಹೆಸರಿನ ಮಾತು. ನೆಂಟಸ್ತಿಕೆಯ ಪದ ಎರಡು ಸಂಗತಿ ಹೇಳುತ್ತದೆ: ನೀವು ಯಾವ ಗುಂಪು, ನನಗಿಂತ ಮೇಲೋ ಕೆಳಗೋ. ಹೆಸರು ಗುಂಪಿನ ಬಗ್ಗೆ ಏನೂ ಹೇಳುವುದಿಲ್ಲ. ಆದರೆ ಮೇಲು ಕೆಳಗಿನ ಬಗ್ಗೆ ಹೇಳುತ್ತದೆ, ಅದೇ ಪೇಚು. ನಮ್ಮ ಮನೆಗಳಲ್ಲಿ ಹೆಸರು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಸಂಬಂಧದ ಪದ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. ಅಣ್ಣ ತಮ್ಮನನ್ನು ಹೆಸರಿನಿಂದ ಕರೆಯುತ್ತಾನೆ, ತಮ್ಮ ಅಣ್ಣಾ ಅನ್ನುತ್ತಾನೆ. ಮೈದುನ, ನಾದಿನಿ ಅನ್ನುವುದು ಬೇರೆಯವರ ಹತ್ತಿರ ಹೇಳಲು ಇರುವ ಪದಗಳು. "ನಾದಿನಿ, ಇಲ್ಲಿ ಬಾ" ಅಂತ ಯಾರೂ ಕರೆಯುವುದಿಲ್ಲ, ಹೆಸರಿನಿಂದಲೇ ಕರೆಯುತ್ತಾರೆ, ಯಾಕೆಂದರೆ ಅವರು ಕಿರಿಯರು. ಹಾಗಾಗಿ ನೀವು ಓರಗಿತ್ತಿಯನ್ನು ಹೆಸರು ಹಿಡಿದು ಕರೆದಾಗ ಅತ್ತೆಗೆ ಕೇಳಿಸಿದ್ದು "ನಾವಿಬ್ಬರೂ ಗೆಳತಿಯರು" ಅಂತ ಅಲ್ಲ, "ನಾನು ಹಿರಿಯಳು, ಇವಳು ಕಿರಿಯಳು" ಅಂತ. ಅಂದರೆ ಹಿರಿಮಗನ ಹೆಂಡತಿಯನ್ನು ಕಿರಿಸೊಸೆಯ ಜಾಗಕ್ಕೆ ಇಳಿಸಿದ ಹಾಗೆ. ಅದೂ ನೆಂಟರ ಮುಂದೆ.

ಮೂರು ವರ್ಷದ ವಯಸ್ಸಿಗೆ ಬೆಲೆಯಿಲ್ಲವೇ ಅಂತ ನೀವು ಕೇಳಬಹುದು. ಮದುವೆಯಿಂದ ಬಂದ ಸಂಬಂಧದಲ್ಲಿ ಹಿರಿತನ ನಿಮ್ಮ ಜಾತಕದಿಂದ ಬರುವುದಿಲ್ಲ, ನಿಮ್ಮನ್ನು ಕರೆತಂದವನ ಹುಟ್ಟಿನಿಂದ ಬರುತ್ತದೆ. ಅವಳು ಅಣ್ಣನ ಕೈ ಹಿಡಿದಳು, ನೀವು ತಮ್ಮನ ಕೈ ಹಿಡಿದಿರಿ. ನ್ಯಾಯವೋ ಅನ್ಯಾಯವೋ, ಹೆಣ್ಣಿನ ಸ್ಥಾನವನ್ನು ಗಂಡನ ಸ್ಥಾನದಿಂದ ಅಳೆಯುವ ಮನೆಯ ಲೆಕ್ಕ ಇದು, ಆ ಬಗ್ಗೆ ನನಗೂ ಕೊಂಚ ತಕರಾರಿದೆ. ಆದರೆ ನಿಮ್ಮ ಅತ್ತೆಯ ಮುಖ ಗಂಟಾದದ್ದು ಯಾಕೆ ಅನ್ನುವುದಕ್ಕೆ ಕಾರಣ ಇದು.

ಹಿಂದಿನವರಿಗೆ ಹೆಸರಿನ ಬಿಗಿ ಇನ್ನೂ ಹೆಚ್ಚಿತ್ತು. ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರಲ್ಲ, ಆ ಹುಡುಗನನ್ನು ಮನೆಯಲ್ಲಿ ಪುಟ್ಟ, ಅಪ್ಪು, ಅಪ್ಪಿ ಅಂತಲೇ ಕರೆಯುತ್ತಿದ್ದದ್ದು ಮುದ್ದಿಗಷ್ಟೇ ಅಲ್ಲ. ತಾಯಿಯ ಬಾಯಲ್ಲಿ ಆ ಹೆಸರು ಬರುವ ಹಾಗಿರಲಿಲ್ಲ, ಅದು ಅವಳ ಮಾವನ ಹೆಸರು. ಮಗ ತುಂಟಾಟ ಮಾಡಿದಾಗ ಹೆಸರು ಹಿಡಿದು ಬೈದರೆ ಬೈಗುಳ ಜಗಲಿಯಲ್ಲಿ ಎಲೆಯಡಿಕೆ ಹಾಕುತ್ತ ಕೂತ ಮಾವನಿಗೇ ತಾಗುತ್ತದೆ. ಗಂಡನ ಹೆಸರಂತೂ ಮದುವೆಯ ದಿನ ಹೆಂಗಸರೆಲ್ಲ ಸುತ್ತ ನಿಂತು ಕಾಡಿ ಬೇಡಿದಾಗ ಒಡಪು ಕಟ್ಟಿ ಒಮ್ಮೆ ಹೇಳುವುದು, ಅಷ್ಟೇ. ಆಮೇಲೆ ಇಡೀ ಬದುಕಿಗೆ "ಇವರು", "ಏನ್ರೀ". ಇವತ್ತು ಗಂಡನನ್ನು ಹೆಸರಿನಿಂದ ಕರೆಯುವ ಹುಡುಗಿಯರು ತೀರ್ಥಹಳ್ಳಿಯಲ್ಲೂ ಇದ್ದಾರೆ. ಆ ಗಂಟು ಸಡಿಲವಾಗಿದೆ. ಓರಗಿತ್ತಿ, ಭಾವ, ಅತ್ತಿಗೆಯರದ್ದು ಅಷ್ಟು ಸಡಿಲವಾಗಿಲ್ಲ, ಯಾಕೆಂದರೆ ಅದು ಇಬ್ಬರ ನಡುವಿನ ಮಾತಲ್ಲ, ಮನೆ ತುಂಬ ಕೇಳಿಸುವ ಮಾತು.

ಹಾಗಾದರೆ ಹೆಸರನ್ನೇ ಎತ್ತಬಾರದೇ? ಹಾಗೇನಿಲ್ಲ, ಎತ್ತಬಾರದ್ದು ಬರೀ ಹೆಸರು. ನಿಮ್ಮ ಓರಗಿತ್ತಿ ಸುಮಾ ಅಂತ ಇಟ್ಟುಕೊಳ್ಳಿ. "ಸುಮಾ" ಅಂದರೆ ತಪ್ಪು, "ಸುಮಕ್ಕ" ಅಂದರೆ ಸರಿ. ಒಂದೇ ಅಕ್ಷರದ ವ್ಯತ್ಯಾಸ. ಹೆಸರಿನ ಸಲಿಗೆಯೂ ಉಳಿಯಿತು, ಸ್ಥಾನವೂ ಉಳಿಯಿತು. ಮಲೆನಾಡಿನ ದೊಡ್ಡ ಮನೆಗಳಲ್ಲಿ ನಾಲ್ಕು ಜನ ಭಾವಂದಿರಿದ್ದರೆ ರಘುಭಾವ, ಶ್ರೀಧರಭಾವ ಅಂತ ಹೆಸರು ಅಂಟಿಸದೆ ಬೇರೆ ದಾರಿಯೇ ಇಲ್ಲ. ಇನ್ನೂ ಹಿರಿಯರಾದರೆ ಹೆಸರನ್ನೂ ಬಿಟ್ಟು ಊರನ್ನೋ ಮನೆಯನ್ನೋ ಅಂಟಿಸುತ್ತೇವೆ: ಕೊಪ್ಪದ ಅತ್ತೆ, ಮೇಲಿನಮನೆ ದೊಡ್ಡಪ್ಪ, ತೋಟದಮನೆ ಚಿಕ್ಕಮ್ಮ. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದ ಎಷ್ಟೋ ಊರುಗಳ ಹೆಸರು ಈಗ ಉಳಿದಿರುವುದು ಹೀಗೆ ಯಾರದೋ ಅತ್ತೆಯ, ಯಾರದೋ ಮಾವನ ಮುಂದೆ ಅಂಟಿಕೊಂಡೇ. ಸ್ವಂತ ಅತ್ತೆ-ಮಾವನಿಗೆ ಮಾತ್ರ ಏನನ್ನೂ ಅಂಟಿಸಬೇಡಿ. ಬರೀ ಅತ್ತೆ, ಬರೀ ಮಾವ.

ಪದ ಸರಿಯಿದ್ದರೂ ಕ್ರಿಯಾಪದ ಕೈಕೊಡುವುದುಂಟು. ಹೊರಗಿನಿಂದ ಬಂದವರಿಗೆ ಇದು ಕಿವಿಗೆ ಬೀಳುವುದು ನಿಧಾನ. ಹುಟ್ಟಿದ ಮನೆಯ ಸಂಬಂಧಗಳಲ್ಲಿ ಹಿರಿಯರಿಗೂ ಏಕವಚನ ನಡೆಯುತ್ತದೆ: "ಅಮ್ಮಾ, ನೀನು ಊಟ ಮಾಡು", "ಅಣ್ಣ ಬಂದ". ಅದು ಪ್ರೀತಿ. ಮದುವೆಯಿಂದ ಬಂದ ಸಂಬಂಧಗಳಲ್ಲಿ ಬಹುವಚನವೇ ಬೇಕು: "ಅತ್ತೆ, ನೀವು ಊಟ ಮಾಡಿ", "ಭಾವ ಬಂದ್ರು". "ಭಾವ, ಇಲ್ಲಿ ಬಾ" ಅಂದರೆ ಪದ ಸರಿಯಿದ್ದೂ ಹೆಸರು ಹಿಡಿದಷ್ಟೇ ಇರಿಸುಮುರಿಸು. ಸುಮಕ್ಕನಿಗೆ ನೀವು ಅನ್ನಬೇಕೋ ನೀನು ಅನ್ನಬೇಕೋ? ಅಕ್ಕ ಅಂದ ಮೇಲೆ ಒಳಮನೆಯಲ್ಲಿ ನೀನು ನಡೆದೀತು, ಅವಳೂ ಒಪ್ಪಿದ್ದರೆ. ಹೊರಗೆ ಜಗಲಿಯಲ್ಲಿ, ಅಡಿಕೆ ಸುಲಿಯಲು ಬಂದ ಹೆಂಗಸರ ಮುಂದೆ ನೀವು ಅನ್ನಿ. ಅವರು ಮನೆಯ ಹೆಂಗಸರನ್ನು ಕರೆಯುವ ರೀತಿ ನಿಮ್ಮ ಬಾಯಿ ನೋಡಿಯೇ ಬದಲಾಗುತ್ತದೆ. ಇದರಲ್ಲಿ ಜಾತಿ, ಸೀಮೆಯ ವ್ಯತ್ಯಾಸವೂ ಇದೆ. ಸಾಗರದ ಕಡೆ ಹವ್ಯಕರ ಮನೆಗೆ ಹೋದರೆ ಅಪ್ಪಯ್ಯ, ಆಯಿ, ಅಪ್ಪಚ್ಚಿ ಕೇಳಿಸುತ್ತದೆ. "ತಂಗಿ ಬಂತು" ಅಂತಲೂ ಕೇಳಿಸುತ್ತದೆ. ಹೆಂಗಸನ್ನು ವಸ್ತುವಿನ ಹಾಗೆ "ಬಂತು" ಅಂದರಲ್ಲ ಅಂತ ಬೇಜಾರಾಗಬೇಡಿ, ಅದು ಆ ಮಾತಿನ ವ್ಯಾಕರಣ, ಅದರಲ್ಲಿ ತಾತ್ಸಾರ ಇಲ್ಲ.

ನಾನೂ ಸೊಸೆಯಾಗಿ ಬಂದ ಹೊಸತರಲ್ಲಿ ಎಡವಿದವಳೇ. ನಮ್ಮವರ ಅಕ್ಕನ ಗಂಡನನ್ನು ವರ್ಷಗಟ್ಟಲೆ ಭಾವ ಅಂದೆ. ಅವರು ಏನೂ ಅನ್ನಲಿಲ್ಲ, ಆದರೆ ನಾನು ಬಡಿಸಲು ಬಂದರೆ ಮುದುರಿ ಕೂರುತ್ತಿದ್ದರು, ಎರಡನೆ ಸಲ ಅನ್ನ ಕೇಳುತ್ತಿರಲಿಲ್ಲ. ಒಂದು ದಿನ ನಮ್ಮತ್ತೆ ಸೌದೆ ಒಲೆ ಊದುತ್ತ, ನನ್ನ ಮುಖ ನೋಡದೆ, "ಅವ ನಿಂಗೆ ಅಣ್ಣ ಆಗಬೇಕಲ್ದ?" ಅಂದರು. ಮಾರನೆ ದಿನ ಅಣ್ಣಾ ಅಂದೆ. ಭಾವ ಅನ್ನುವ ಪದದಲ್ಲಿ ಒಂದು ಸರಸದ ಎಳೆಯಿದೆ, ತಮಾಷೆ ಮಾಡುವ ಸಂಬಂಧ ಅದು. ಅಣ್ಣ ಅನ್ನುವುದರಲ್ಲಿ ಅದಿಲ್ಲ. ಮೈಬಿಟ್ಟು ಕೂತು ಸಾರು ಸುರಿಸಿಕೊಂಡು ಉಂಡರು, ಮಹಾರಾಯರು.

ಮನೆಯಲ್ಲಿ ಒಂದು ಸಂಬಂಧದ ಕರೆ ಇನ್ನೂ ಗಟ್ಟಿಯಾಗಿಲ್ಲ ಅನ್ನುವುದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಜನ ಕರೆಯುವುದನ್ನೇ ತಪ್ಪಿಸುತ್ತಾರೆ. ದೂರದಲ್ಲಿದ್ದವರನ್ನು ಕೂಗದೆ ಹತ್ತಿರ ಹೋಗಿ "ಇಲ್ನೋಡಿ" ಅನ್ನುತ್ತಾರೆ, ಕೆಮ್ಮುತ್ತಾರೆ, ಮಗುವನ್ನು ಕಳಿಸಿ ಹೇಳಿಸುತ್ತಾರೆ. ಸುಮಾ ನಿಮ್ಮನ್ನು ಏನಂತ ಕರೆಯುತ್ತಾಳೆ ಅಂತ ನೀವು ಬರೆದಿಲ್ಲ. ಬಹುಶಃ ಅವಳೂ ಏನೂ ಕರೆಯುತ್ತಿಲ್ಲ. ಸಂಬಂಧದಲ್ಲಿ ಅವಳು ನಿಮ್ಮನ್ನು ಹೆಸರಿನಿಂದ ಕರೆಯಬಹುದು, ವಯಸ್ಸು ನೋಡಿ ಬಾಯಿ ಬರುವುದಿಲ್ಲ. ನೀವು ಅಕ್ಕ ಅಂದ ದಿನ ಆ ಗಂಟೂ ಬಿಚ್ಚಿಕೊಳ್ಳುತ್ತದೆ. ಅವಳು ನಿಮ್ಮ ಹೆಸರು ಹೇಳಿ "ಬನ್ನಿ" ಅಂತ ಬಹುವಚನ ಸೇರಿಸಿದರೆ ವಯಸ್ಸಿಗೂ ಸಂದಾಯವಾಯಿತು. ಇಬ್ಬರೇ ಇದ್ದಾಗ, ಫೋನಿನಲ್ಲಿ, ಶಿವಮೊಗ್ಗಕ್ಕೆ ಸೀರೆ ತರಲು ಹೋದಾಗ ಹೇಗೆ ಬೇಕಾದರೂ ಕರೆದುಕೊಳ್ಳಿ, ಅದನ್ನು ಯಾವ ಅತ್ತೆಯೂ ಕೇಳಿಸಿಕೊಳ್ಳುವುದಿಲ್ಲ.

ಆದದ್ದಕ್ಕೆ ಅತ್ತೆಯ ಹತ್ತಿರ ಹೋಗಿ ಕ್ಷಮೆ, ವಿವರಣೆ ಅಂತ ಕೂರಬೇಡಿ. ನಮ್ಮ ಕಡೆಯವರಿಗೆ ಅದು ತಪ್ಪಿಗಿಂತ ದೊಡ್ಡ ಮುಜುಗರ. ಮುಂದಿನ ಸಲ ಅಡುಗೆಮನೆಯಿಂದ ಜಗಲಿಗೆ ಕೇಳಿಸುವ ಹಾಗೆ "ಸುಮಕ್ಕಾ, ಕಾಯಿ ಎಲ್ಲಿದೆ?" ಅಂತ ಒಮ್ಮೆ ಕೂಗಿ, ಸಾಕು. ಆ ಸೋದರಮಾವ ಮತ್ತೆ ಬಂದಾಗ ಅತ್ತೆಯ ಕಿವಿಯಲ್ಲಿ "ಇವರು ನನಗೆ ಏನಾಗಬೇಕು" ಅಂತ ಕೇಳಿ, ಅವರು ಹೇಳಿದ ಪದ ಹಿಡಿದುಕೊಂಡೇ ಕಾಫಿ ಲೋಟ ಮುಂದಿಡಿ.

ಮುಂದೆ ಮಕ್ಕಳಾದಾಗ ಇದು ಇನ್ನೊಂದು ರೂಪದಲ್ಲಿ ಬರುತ್ತದೆ. ಮಗು ಯಾರನ್ನು ಏನು ಕರೆಯಬೇಕು ಅಂತ ಸೂತ್ರದಿಂದ ಕಲಿಯುವುದಿಲ್ಲ, ಕಿವಿಯಿಂದ ಕಲಿಯುತ್ತದೆ. ನಿಮ್ಮ ಮಗುವಿಗೆ ಸುಮಾ ದೊಡ್ಡಮ್ಮ. ನೀವು ಸುಮಾ ಅನ್ನುತ್ತಿದ್ದರೆ ಅದೂ ಸುಮಾ ಅನ್ನುತ್ತದೆ. ಅದಕ್ಕೇ ಮಗುವಿನ ಮುಂದೆ ತಾಯಂದಿರು ತಮ್ಮ ಸಂಬಂಧ ಬಿಟ್ಟು ಮಗುವಿನ ಸಂಬಂಧವನ್ನೇ ಹೇಳುವುದು: "ದೊಡ್ಡಮ್ಮನ ಹತ್ರ ಹೋಗು". ಇದರಲ್ಲಿ ಸ್ವಲ್ಪ ಉಪೇಕ್ಷೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿಯಿದೆ. ಹತ್ತಾರು ಜನರ ಕೂಡುಕುಟುಂಬ, ಚಿಕ್ಕಪ್ಪಂದಿರೆಲ್ಲ ನಮ್ಮತ್ತೆಯನ್ನು ಅತ್ತಿಗೆ, ಅತ್ತಿಗೆ ಅನ್ನುತ್ತಿದ್ದರು. ಅದನ್ನೇ ಕೇಳಿ ಬೆಳೆದ ನಮ್ಮವರು ಹೆತ್ತ ತಾಯಿಯನ್ನು ಕೊನೆಯವರೆಗೂ ಅತ್ತಿಗೆ ಅಂತಲೇ ಕರೆದರು. ಮಗುಚುವ ಸೂತ್ರದ ಪ್ರಕಾರ ಅವರು ನನಗೆ ಅಕ್ಕ ಆಗಬೇಕಿತ್ತು. ನಾನು ಅತ್ತೆ ಅಂತಲೇ ಕರೆದೆ.